ನೀವೊಂದ್ಸಲ ಹೇಳ್ರಿ, ಕೇಳ್ತೀನಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಚನ್ನಗಿರಿಯ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೋಟರ್ ಮಾರುವುದು ಸಾಹುಕಾರರ ಕೆಲಸ, ಕೆಟ್ಟರೆ ರಿಪೇರಿ ಮಾಡುವುದು ಮೇಸ್ತ್ರಿಯ ಕೆಲಸ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯಿಂದೆಲ್ಲ ಗಿರಾಕಿಗಳು ದೂರು ಹೇಳಲು ಮಾಡುವ ಫೋನಿಗೆ ಉತ್ತರ ಕೊಡುವುದು ನನ್ನ ಕೆಲಸ. ಅಲ್ಲಿಯವರೆಗೆ ನಾನು ಫೋನ್ ಮುಟ್ಟಿದವಳೇ ಅಲ್ಲ.

ನನಗೆ ಕಲಿಸಲು ಸಾಹುಕಾರರು ಒಬ್ಬ ಹಿರಿಯ ಹೆಂಗಸನ್ನು ಕರೆಸಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಸಣ್ಣ ಆಳು, ದಪ್ಪ ಕನ್ನಡಕ, ಬಿಳಿ ಕಾಟನ್ ಸೀರೆ. ಎಲ್ಲರಂತೆ ನಾನೂ ಅವರನ್ನು ಅಮ್ಮಾರು ಎನ್ನುತ್ತಿದ್ದೆ.

ಮೊದಲ ದಿನ ಫೋನ್ ಬಡಿದುಕೊಂಡಾಗ ನಾನು ಎತ್ತಿ, "ಹಲೋ, ಯಾರು?" ಎಂದು ಕೂಗಿದೆ. ನಾನು ಮಾತು ಮುಗಿಸಿ ಫೋನ್ ಇಡುವವರೆಗೂ ಅಮ್ಮಾರು ಕಾದರು. ಆಮೇಲೆ ಅಂದರು:

"ಮನೆ ಬಾಗಿಲಿಗೆ ಬಂದೋರನ್ನ ಹೊಸ್ತಿಲಾಗೇ ನಿಲ್ಲಿಸಿ ಯಾರು ನೀನು ಅಂತ ಕೇಳ್ತಾರೇನವ್ವಾ? ಮೊದಲು ನಾವು ಯಾರು ಅಂತ ಹೇಳ್ಬೇಕು. ಅಂಗಡಿ ಹೆಸರು, ಊರು, ನಮಸ್ಕಾರ. ಆಮೇಲೆ 'ಏನಾಗೈತೆ ಹೇಳ್ರಿ' ಅನ್ಬೇಕು. ಅವರ ಹೆಸರು, ಊರು, ಯಾರ ಫೋನಿಂದ ಮಾತಾಡ್ತಾರೆ, ಎಲ್ಲಾ ಬರ್ಕೋಬೇಕು. ಲೈನ್ ಕಟ್ಟಾದ್ರೆ ಎಲ್ಲಿ ಹುಡುಕ್ತೀ?"

ಎರಡನೆಯ ಪಾಠವನ್ನು ನಾಚಿಕೆಯಿಂದಲೇ ಕಲಿತೆ. ಸಾಸ್ವೆಹಳ್ಳಿಯ ರೈತರೊಬ್ಬರು ಏನೋ ಕೇಳಿದರು. "ಇರ್ರೀ" ಎಂದಷ್ಟೇ ಹೇಳಿ ರಿಸೀವರನ್ನು ಮೇಜಿನ ಮೇಲಿಟ್ಟು ಮೇಸ್ತ್ರಿಯ ಹತ್ತಿರ ಓಡಿದೆ. ಆತ ಕೂತಲ್ಲಿಂದಲೇ, "ಆ ಯಪ್ಪಂಗೆ ಎಷ್ಟು ಸಲ ಹೇಳಾದು, ತಲೆ ಐತೋ ಇಲ್ವೋ!" ಎಂದು ಕಿರುಚಿದ. ನಾನು ವಾಪಸ್ಸು ಬಂದು ರಿಸೀವರ್ ಕಿವಿಗಿಟ್ಟಾಗ ಆ ರೈತರು, "ತಲೆ ಐತಮ್ಮ, ನೀರಿಲ್ಲ ಅಷ್ಟೇ" ಎಂದು ಫೋನ್ ಇಟ್ಟರು.

ಅಮ್ಮಾರು ನನ್ನನ್ನು ಬೈಯಲಿಲ್ಲ. ಹಳೆಯ ಟವೆಲ್ಲೊಂದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿ, ರಿಸೀವರ್ ಇಡುವುದಾದರೆ ಇಲ್ಲಿಯ ಮಾತು ಅತ್ತ ಕೇಳಿಸದಂತೆ ಅದರ ಮೇಲೆ ಬೋರಲಾಗಿ ಇಡು ಎಂದರು. "ಕಾಯ್ಸೋದಾದ್ರೆ ಕೇಳಿ ಕಾಯ್ಸು. ಯಾಕೆ, ಎಷ್ಟು ಹೊತ್ತು, ಎರಡೂ ಹೇಳು. ಅವರು ಹೂಂ ಅಂದ ಮೇಲೇ ಕೆಳಗಿಡು. ಉತ್ತರ ಸಿಗಲಿಲ್ಲ ಅಂದ್ರೂ ಹೇಳಿದ ಹೊತ್ತಿಗೆ ವಾಪಸ್ ಬಾ." ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಶಾಸ್ತ್ರವೇ ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ಆ ನಗು ಒಂದು ಬೇಸಿಗೆ ಮಧ್ಯಾಹ್ನ ನಿಂತುಹೋಯಿತು.

ನಲ್ಲೂರಿನಿಂದ ಟ್ರಂಕ್ ಕಾಲ್ ಬಂತು. ಒಬ್ಬ ಹೆಂಗಸು, ಏದುಸಿರು. ಕಿರಾಣಿ ಅಂಗಡಿಯ ಫೋನಿನಿಂದ ಮಾತಾಡುತ್ತಿದ್ದಳು. ಬೆಳಿಗ್ಗೆ ಬಾವಿಯ ಪೈಪು ಮುಟ್ಟಿದ ಅವಳ ಗಂಡನಿಗೆ ಶಾಕ್ ಹೊಡೆದು ಆತ ಹಿಂದಕ್ಕೆ ಬಿದ್ದಿದ್ದನಂತೆ. ಪೆಟ್ಟೇನೂ ಆಗಿರಲಿಲ್ಲ. ಮೋಟರ್ ಇದ್ದದ್ದು ಬಾವಿಯೊಳಗಿನ ಕಟ್ಟೆಯ ಮೇಲೆ. ಹೆಸರು, ಊರು ಬರೆದುಕೊಂಡೆ. ಮುಂದೇನು ಹೇಳಬೇಕೋ ನನಗೆ ತಿಳಿಯದು, ಮೇಸ್ತ್ರಿಯನ್ನೇ ಕೇಳಬೇಕು. ಗಾಬರಿಯಲ್ಲಿ "ಇರ್ರೀ" ಎಂದು ರಿಸೀವರ್ ಇಡಲು ಹೋದೆ. ಪಕ್ಕದಲ್ಲಿದ್ದ ಅಮ್ಮಾರು ನನ್ನ ಮಣಿಕಟ್ಟು ಹಿಡಿದರು. ನೆನಪಾಯಿತು.

"ಅಕ್ಕಾ, ಮೇಸ್ತ್ರಿನ್ನ ಕೇಳ್ಕೊಂಡು ಎರಡು ನಿಮಿಷದಾಗೆ ಬರ್ತೀನಿ. ಅಲ್ಲೀತನಕ ಫೋನ್ ಹಿಡ್ಕೊಂಡು ಇರಾಕೆ ಆಗ್ತತಾ?"

"ಎರಡು ನಿಮಿಷ ಆಗಲ್ಲವ್ವಾ. ಈಗ ಕರೆಂಟ್ ಹೋಗೈತೆ, ಬಾವಿಗೆ ಇಳಿದು ನೋಡ್ತೀನಿ ಅಂತ ಹೊಂಟಾರೆ. ನಾನು ಹೋಗಿ ಏಣಿ ಹಿಡೀಬೇಕು."

ನನ್ನ ಮುಖ ನೋಡಿಯೇ ಅಮ್ಮಾರು ರಿಸೀವರ್ ತೆಗೆದುಕೊಂಡರು. ನಾನು ಕೇಳಿದ್ದನ್ನು ಪಿಸುಗುಟ್ಟಿದೆ. ಅವರ ದನಿ ಒಂದಿಷ್ಟೂ ಏರಲಿಲ್ಲ.

"ತಾಯೀ, ನೀವು ಫೋನ್ ಬಿಡಬ್ಯಾಡ್ರಿ. ಅಂಗಡಿಯೋರು ಅಲ್ಲೇ ಅದಾರಾ? ಅವರನ್ನ ಈಗ್ಲೇ ಓಡಿಸ್ರಿ. ಬಾವಿಗೆ ಇಳೀಬ್ಯಾಡ ಅಂತ ಹೇಳಿ ಅಂತ ಕಳಿಸ್ರಿ. ಹೋದ್ರಾ? ಹಾಂ. ಈಗ ನನ್ನ ಜೊತೆ ಇರ್ರಿ."

ಅಷ್ಟರಲ್ಲಿ ನಾನು ಮೇಸ್ತ್ರಿಯನ್ನು ಎಳೆದುಕೊಂಡು ಬಂದಿದ್ದೆ. "ಸ್ಟಾರ್ಟರ್ ಗುಂಡಿಗೆ ಕಡ್ಡಿ ಸಿಗ್ಸೀರಾ ಕೇಳ್ರಿ" ಎಂದ ಆತ. ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಹತ್ತಿಕೊಳ್ಳಲಿ ಎಂದು ಆಗ ಬಹಳ ಜನ ಹಾಗೆ ಮಾಡುತ್ತಿದ್ದರು. ಅಮ್ಮಾರು ಕೇಳಿದರು. ಸಿಗಿಸಿದ್ದಾರಂತೆ ಎಂದರು. ಮೇಸ್ತ್ರಿ ಹಣೆ ಚಚ್ಚಿಕೊಂಡು ಹೇಳುತ್ತ ಹೋದ, ಅಮ್ಮಾರು ಒಂದೊಂದೇ ಮಾತನ್ನು ದಾಟಿಸಿದರು. ಒಣ ಕೈಯಲ್ಲಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಮೇನ್ ಸ್ವಿಚ್ ಕೆಳಗಿಳಿಸಬೇಕು. ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೇಸ್ತ್ರಿ ಬರುವವರೆಗೂ ಪೈಪು, ಮೋಟರ್ ಯಾರೂ ಮುಟ್ಟಬಾರದು.

ಮಧ್ಯೆ ಎಕ್ಸ್‌ಚೇಂಜಿನ ಆಪರೇಟರ್, ಟ್ರಂಕ್ ಕಾಲಿನ ಮೂರು ನಿಮಿಷದ ಗಡುವು ಮುಗಿಯಿತು ಎಂದ. "ಜೀವದ ಮಾತು ನಡದೈತೆ ತಮ್ಮಾ, ಲೈನ್ ಕಡೀಬ್ಯಾಡ" ಎಂದರು ಅಮ್ಮಾರು. ಆತ ಕಡಿಯಲಿಲ್ಲ.

ಇಷ್ಟಕ್ಕೆ ನಾನಾಗಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ. ಎಲ್ಲ ಹೇಳಿಯಾಗಿತ್ತು, ಆಕೆ ಎಲ್ಲದಕ್ಕೂ ಹೂಂ ಎಂದಿದ್ದಳು. ಅಮ್ಮಾರು ಇಡಲಿಲ್ಲ. "ತಾಯೀ, ಈಗ ಹೋಗಿ ಏನು ಮಾಡ್ತೀರಿ? ನೀವೊಂದ್ಸಲ ಹೇಳ್ರಿ, ಕೇಳ್ತೀನಿ" ಎಂದರು.

ರಿಸೀವರಿಗೆ ಕಿವಿ ಹತ್ತಿರ ತಂದು ನಾನೂ ಆಲಿಸಿದೆ. "ಗುಂಡಿಯಿಂದ ಕಡ್ಡಿ ತೆಗೀತೀವಿ. ಪೈಪ್ ಮುಟ್ಟಲ್ಲ" ಎಂದಳು ಆಕೆ. ಅಷ್ಟೇ. ಮೇನ್ ಇಲ್ಲ, ಫ್ಯೂಸ್ ಇಲ್ಲ. ಭಯದಲ್ಲಿ ಆಕೆಯ ತಲೆಗೆ ಹತ್ತಿದ್ದು ಅಷ್ಟೇ ಮಾತು.

"ಕಡ್ಡಿ ತೆಗೆದ್ರೆ ಸಾಲಲ್ಲ" ಎಂದು ಅಮ್ಮಾರು ಅದೇ ನಿಧಾನದಲ್ಲಿ ಮೊದಲಿಂದ ಹೇಳಿದರು, ಮತ್ತೆ ಕೇಳಿದರು. ಎರಡನೆಯ ಸಲ ಫ್ಯೂಸ್ ಕೀಳುವುದನ್ನಷ್ಟೇ ಹೇಳಿದಳು. ಮೂರನೆಯ ಸಲ ಎಲ್ಲವೂ ಸಾಲಾಗಿ ಬಂತು.

"ಸರಿ. ಮೇಸ್ತ್ರಿ ಈಗಿನ ಬಸ್ಸಿಗೆ ಹೊಂಡ್ತಾರೆ. ನಲ್ಲೂರು ಬಸ್‌ಸ್ಟ್ಯಾಂಡಿನಾಗೆ ಇಳೀತಾರೆ, ಯಾರನ್ನಾದ್ರೂ ನಿಲ್ಲಿಸಿರ್ರಿ. ಐದು ಗಂಟೆಗೆ ನಾವೇ ಆ ಅಂಗಡಿಗೆ ಫೋನ್ ಮಾಡಿ ಕೇಳ್ತೀವಿ. ಇನ್ನೇನಾದ್ರೂ ಕೇಳಾದೈತಾ? ಹಾಂ, ಹೋಗ್ಬನ್ರಿ." ಅತ್ತ ಕಡೆ ಫೋನ್ ಇಟ್ಟ ಸದ್ದು ಬಂದ ಮೇಲೆ ಅಮ್ಮಾರು ನಮ್ಮದನ್ನು ಇಟ್ಟರು.

ಅವರು ನೀರು ಕೇಳಿದರು. ಲೋಟ ಕೊಟ್ಟೆ. ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದರು, ಅದನ್ನೂ ಹಾಗೇ ಕುಡಿದರು. ಆ ಗಾಬರಿಯ ಒಂದು ಎಳೆಯೂ ಅಷ್ಟು ಹೊತ್ತು ಅವರ ದನಿಯಲ್ಲಿ ಇರಲಿಲ್ಲ. ಅದನ್ನು ಎಲ್ಲಿ ತಡೆದಿಟ್ಟುಕೊಂಡಿದ್ದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಐದು ಗಂಟೆಗೆ ಫೋನ್ ಮಾಡಿದಾಗ ಕಿರಾಣಿ ಅಂಗಡಿಯವರು ಎಲ್ಲರೂ ಚೆನ್ನಾಗಿದ್ದಾರೆ ಎಂದರು. ಉಳಿದದ್ದನ್ನು ಮರುದಿನ ಮೇಸ್ತ್ರಿ ಹೇಳಿದ. ಕೇಬಲ್ಲಿನ ಮೇಲ್ಪದರ ಕಬ್ಬಿಣದ ಪೈಪಿಗೆ ಉಜ್ಜಿ ಉಜ್ಜಿ ಸವೆದು ತಂತಿ ತಾಗುತ್ತಿತ್ತಂತೆ, ಅರ್ಥ್ ವೈರ್ ತುಂಡಾಗಿತ್ತಂತೆ. ಅಂಗಡಿಯವರು ಓಡಿ ಹೋದಾಗ ಆ ರೈತ ಏಣಿಯ ಮೂರನೆಯ ಮೆಟ್ಟಿಲಲ್ಲಿದ್ದನಂತೆ. ಹತ್ತಿ ಬಂದು, ಹೆಂಡತಿ ಹೇಳಿದಂತೆ ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿ ಬಾವಿಯ ದಂಡೆಯ ಮೇಲೆ ಕೂತನಂತೆ. ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಪಕ್ಕದ ಹೊಲದ ಮೋಟರ್ ಗುರ್ರೆಂದಿತಂತೆ. ಕರೆಂಟ್ ಬಂದಿತ್ತು.

ಇದನ್ನು ಕೇಳುವಾಗ ಸಾಹುಕಾರರು ಕೈಯಲ್ಲಿದ್ದ ಪೇಪರ್ ಮಡಿಸಿಟ್ಟರು. ಮೇಸ್ತ್ರಿ, ಯಾರಿಗೂ ತಲೆಬಾಗದ ಮನುಷ್ಯ, ಅಮ್ಮಾರಿಗೆ ಕೈ ಮುಗಿದ. ಅವರು, "ನಾನೇನು ಮಾಡಿದೆನಪ್ಪಾ, ಹುಡುಗಿ ಕೇಳಿ ಕಾಯ್ಸಿದಳು, ಅದಕ್ಕೆ ಆತ ಬಾವಿಗೆ ಇಳೀತಿರೋದು ತಿಳೀತು" ಎಂದರು.

ನಾನು ಮೇಜಿನ ಮೇಲಿದ್ದ ಆ ಕಪ್ಪು ಯಂತ್ರವನ್ನೇ ನೋಡುತ್ತ ನಿಂತೆ. ಕಾಣದ ಊರಿನ ಏಣಿಯಲ್ಲಿ ಇಳಿಯುತ್ತಿದ್ದ ಒಬ್ಬ ಮನುಷ್ಯನನ್ನು ಒಂದು ದನಿ ಇಲ್ಲಿಂದಲೇ ಮೇಲೆ ಹತ್ತಿಸಿತ್ತು. ಅಷ್ಟರಲ್ಲಿ ಅದು ಮತ್ತೆ ಬಡಿದುಕೊಂಡಿತು. ಸೆರಗು ಸರಿಮಾಡಿಕೊಂಡು ಎತ್ತಿದೆ.