ತಿರುಪಣ್ಣ ಮಾಡಿದ ತಪ್ಪು ಯಂತ್ರ

ವಿಜ್ಞಾನ ವಸ್ತುಸಂಗ್ರಹಾಲಯದ ಹಿಂಬದಿಯ ಕಾರ್ಯಾಗಾರದಲ್ಲಿ ಮೂವತ್ತೆಂಟು ವರ್ಷ ಹಲ್ಲುಚಕ್ರ ಜೋಡಿಸಿದವನನ್ನು ಎಲ್ಲರೂ ತಿರುಪಣ್ಣ ಎಂದೇ ಕರೆಯುತ್ತಿದ್ದರು. ಅವನ ಕಿಸೆಯಲ್ಲಿ ನಾಲ್ಕು ತಿರುಪು ಯಾವಾಗಲೂ ಇರುತ್ತಿದ್ದವು. ಅಂಗಿ ಒಗೆಯುವ ಮುಂಚೆ ಅವನ್ನು ಹೆಕ್ಕಿ ಡಬ್ಬಿಗೆ ಹಾಕುವುದು ಹೆಂಡತಿಯ ನಿತ್ಯದ ಕೆಲಸ. ತನ್ನ ಕೈಯಿಂದ ತಪ್ಪು ಯಂತ್ರ ಒಂದೂ ಹೊರಗೆ ಹೋಗಿಲ್ಲ ಎಂಬುದೇ ಅವನ ಜಂಬ.

ನಿವೃತ್ತಿಗೆ ವಾರವಿದ್ದಾಗ ಮೇಲ್ವಿಚಾರಕಿ ಮೇಡಂ ಕೊನೆಯ ನಕ್ಷೆ ಕೊಟ್ಟರು. ನಡುವೆ ಭೂಮಿ. ಅದನ್ನು ಸುತ್ತುವ ಕೋಲಿನ ತುದಿಯಲ್ಲಿ ಸೂರ್ಯನೆಂದು ಬಲ್ಬು. ಕೋಲಿನ ಮಧ್ಯದಲ್ಲಿ ಪುಟ್ಟ ಚಕ್ರ, ಅದರ ಅಂಚಿಗೆ ಶುಕ್ರನೆಂದು ಬಿಳಿ ಗುಂಡು. ಭೂಮಿಯ ಜಾಗದಲ್ಲಿ ಕಣ್ಣಿಡಲು ಒಂದು ತೂತು.

ಮಾಡಿ ಮುಗಿಸಿ, ತೂತಿಗೆ ಕಣ್ಣಿಟ್ಟು ಹಿಡಿ ತಿರುಗಿಸಿದ. ಗುಂಡು ಕುಡುಗೋಲಿನಂತೆ ಕಾಣಿಸಿತು, ಕಪ್ಪಾಯಿತು, ಮತ್ತೆ ಕುಡುಗೋಲಾಯಿತು. ಎಷ್ಟು ತಿರುಗಿಸಿದರೂ ಬೆಳಕು ಅರ್ಧವನ್ನು ದಾಟಲಿಲ್ಲ.

ಆ ಸಂಜೆ ಕುತೂಹಲ ತಡೆಯದೆ ಸಂಗ್ರಹಾಲಯದ ಮಹಡಿ ಹತ್ತಿ ಅಲ್ಲಿನ ದೂರದರ್ಶಕಕ್ಕೆ ಕಣ್ಣಿಟ್ಟ. ನಿಜವಾದ ಶುಕ್ರ ಪುಟ್ಟದಾಗಿ, ಹುಣ್ಣಿಮೆಗೆ ನಾಲ್ಕು ದಿನ ಮುಂಚಿನ ಚಂದ್ರನಂತೆ ಮುಕ್ಕಾಲಿಗೂ ಹೆಚ್ಚು ತುಂಬಿಕೊಂಡಿತ್ತು.

ಮರುದಿನ ಪುಟ್ಟ ಚಕ್ರವನ್ನು ಬಿಚ್ಚಿ ಬಲ್ಬಿನ ಸುತ್ತಲೇ ತಿರುಗುವಂತೆ ಕೂಡಿಸಿದ. ಈಗ ಗುಂಡು ಬಲ್ಬಿನ ಆಚೆಗೂ ಹೋಗಿ ಪುಟ್ಟದಾಗಿ ತುಂಬಿ ಬಂತು.

“ಏನ್ ಮಾಡಿದ್ರಿ ತಿರುಪಣ್ಣ?” ಎಂದರು ಮೇಡಂ.

“ಸರಿ ಮಾಡ್ದೆ. ನಿನ್ನೆ ಮಹಡಿ ಹತ್ತಿ ದೂರದರ್ಶಕದಲ್ಲಿ ನೋಡ್ದೆ, ನಿಮ್ಮ ನಕ್ಷೆ ತಪ್ಪಿತ್ತು.”

“ತಪ್ಪೇ ಇರ್ಬೇಕಿತ್ತು. ಭೂಮಿಯೇ ನಡುವೆ ಅಂತ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ನಂಬಿದ್ದ ಲೆಕ್ಕ ಅದು. ಅದರಲ್ಲಿ ಶುಕ್ರ ಯಾವಾಗ್ಲೂ ಸೂರ್ಯನಿಂದ ಈಚೆ. ದೂರದರ್ಶಕ ಬಂದ್ಮೇಲೆ ನೀವು ನೋಡಿದ್ದನ್ನೇ ನೋಡಿದ್ರು, ಲೆಕ್ಕ ಬಿದ್ದುಹೋಯ್ತು.”

“ಹಾಗಾದ್ರೆ ಭೂಮೀನೇ ಸೂರ್ಯನ್ನ ಸುತ್ತುತ್ತೆ ಅಂತಾಯ್ತಲ್ಲ.”

“ಅಷ್ಟು ಅವಸರ ಬೇಡ. ಶುಕ್ರ ಸೂರ್ಯನ್ನ ಸುತ್ತುತ್ತೆ ಅಂತ ಮಾತ್ರ ಆಯ್ತು. ನಿಮ್ಮ ರಿಪೇರಿಯಲ್ಲೂ ಭೂಮಿ ನಡುವೇನೇ ಕೂತಿದೆ ನೋಡಿ. ಆಗಿನ ಕಾಲದಲ್ಲೂ ಕೆಲವರು ಹೀಗೇ ತೇಪೆ ಹಾಕಿದ್ರು. ಆ ತೇಪೆ ಕಿತ್ತುಹಾಕೋಕೆ ಬೇರೆ ಸಾಕ್ಷಿ ಬೇಕಾಯ್ತು.”

ತಿರುಪಣ್ಣ ಕೋಲು ಸವರಿದ. “ನನ್ನ ಕೊನೇ ಕೆಲಸ ಮೇಡಂ. ತಪ್ಪು ಯಂತ್ರ ಇಟ್ಟುಹೋದ ಅಂತಾರೆ.”

“ತಪ್ಪು ಅಂತ ನಿಮಗೆ ಹೇಗೆ ಗೊತ್ತಾಯ್ತು? ಮಹಡಿ ಹತ್ತಿದ್ರಿಂದ ತಾನೇ?”

ತಿರುಪಣ್ಣ ಕಿಸೆಯಿಂದ ತಿರುಪು ತೆಗೆದು, ಚಕ್ರವನ್ನು ಮತ್ತೆ ಕೋಲಿನ ಮಧ್ಯಕ್ಕೆ ಕೂಡಿಸಿ ಬಿಗಿದ.

ಮರುದಿನ ಸಂಗ್ರಹಾಲಯ ನೋಡಲು ಬಂದು ಹಿಡಿ ತಿರುಗಿಸಿದ ಹೆಂಗಸೊಬ್ಬಳು ಹುಬ್ಬು ಗಂಟಿಕ್ಕಿದಳು. “ಅರ್ಧಕ್ಕಿಂತ ಹೆಚ್ಚು ಬರೋದೇ ಇಲ್ಲ. ಕೆಟ್ಟಿದೆಯಾ ಅಣ್ಣಾ?”

“ಇಲ್ಲಮ್ಮ, ಸರಿಯಾಗೇ ತಿರುಗ್ತಿದೆ. ಸಂಜೆ ಮಹಡಿಗೆ ಬನ್ನಿ, ಆಮೇಲೆ ಇನ್ನೊಂದ್ಸಲ ಕೇಳಿ,” ಎಂದ ತಿರುಪಣ್ಣ.