ಅಕ್ಕನ ಉಸಿರಿಗೆ ಕತ್ತರಿಸಿದ ಸಾಲು

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮದೊಂದು ಸಣ್ಣ ರೆಕಾರ್ಡಿಂಗ್ ಕೋಣೆ. ಅಲ್ಲಿ ಧ್ವನಿ ನಾಟಕಗಳನ್ನು ಮಾಡುತ್ತೇವೆ. ಬರೆಯುವವಳು ನಾನು, ತಾಯಿ ಪಾತ್ರಕ್ಕೆ ನನ್ನ ಅಕ್ಕ. ಸಿರುಗುಪ್ಪದಿಂದ ಬಸ್ಸು ಹಿಡಿದು ಬರುತ್ತಿದ್ದಳು. ಬರುವಾಗಲೇ ಬಾಗಿಲಲ್ಲಿ ಜಗಳ: “ಲೇ, ಚಾ ಇಡು ಮೊದಲ. ನಿನ್ನ ಉದ್ದನ್ನ ಸಾಲು ಆಮ್ಯಾಲೆ.”

ಮೈಕಿನ ಮುಂದೆ ಹೋಗುವ ಮೊದಲು ಎಲ್ಲರೂ ಮೇಜಿನ ಸುತ್ತ ಕೂತು ಓದಬೇಕು. ಇದು ನನ್ನ ಹಟ. ಮೊದಲ ಸಲ ಅಭಿನಯವಿಲ್ಲದೆ ಸುಮ್ಮನೆ ಓದುವುದು. ಎರಡನೆಯ ಸಲ ಎಲ್ಲರ ಕೈಯಲ್ಲೂ ಪೆನ್ಸಿಲ್. ಉಸಿರು ತೆಗೆದುಕೊಳ್ಳುವ ಕಡೆ ಒಂದು ನಿಂತ ಗೆರೆ, ನಾಲಿಗೆ ತೊಡರುವ ಮಾತಿನ ಕೆಳಗೆ ಅಲೆಅಲೆಯ ಗೆರೆ. ಅಲ್ಪವಿರಾಮ ನೋಡಿ ಗೆರೆ ಹಾಕುವ ಹಾಗಿಲ್ಲ, ಗಟ್ಟಿಯಾಗಿ ಓದಿ, ಅರ್ಥ ಕೆಡದ ಜಾಗ ಹುಡುಕಿ ಹಾಕಬೇಕು. ಗೆರೆ ಹಾಕಿದ ಮೇಲೂ ತೊಡರಿದರೆ ಸಾಲನ್ನೇ ಬದಲಿಸುತ್ತೇನೆ, ಓದುವವರನ್ನು ಬೈಯುವುದಿಲ್ಲ. ಸಾಲು ಓದುವವರಿಗೆ ಒಗ್ಗಬೇಕು ಎಂದು ಎಲ್ಲರ ತಲೆ ತಿನ್ನುತ್ತಿದ್ದೆ.

ಅಕ್ಕನ ಹಾಳೆಯಲ್ಲಿ ಗೆರೆಗಳೇ ಇರುತ್ತಿರಲಿಲ್ಲ. ಎಷ್ಟು ಉದ್ದ ಬರೆದರೂ ಒಂದೇ ಉಸಿರಿನಲ್ಲಿ ಮುಗಿಸಿ, ಇಷ್ಟೇ ಏನು ಎನ್ನುವಂತೆ ನನ್ನ ಮುಖ ನೋಡುತ್ತಿದ್ದಳು. ಆ ಸೊಕ್ಕು ನನಗೆ ತುಂಬ ಇಷ್ಟವಾಗಿತ್ತು.

ಆಮೇಲೆ ಅವಳ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಬಂತು. ವಾಸಿಯಾಗುವುದಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅಕ್ಕ ಕೇಳಿದ್ದು ಒಂದೇ: “ಈ ನಾಟಕದಾಗ ಅವ್ವನ ಮಾತು ನಾನ ಹೇಳಬೇಕು. ದನಿ ಇರೂದ್ರಾಗ ಮುಗಿಸಿಬಿಡು.” ಆಗಲಿ ಎಂದು ಮಾತು ಕೊಟ್ಟೆ.

ಆ ನಾಟಕವನ್ನು ಓದಲು ಕೂತ ದಿನ, “ಕರಿ ಸೀರೆಯ ಸೆರಗು ಸರಿಸಿ ಸರಸರ ಸರಿದಳು” ಎಂಬಲ್ಲಿ ಅವಳ ನಾಲಿಗೆ ಹೊರಳಲಿಲ್ಲ. “ನಿನ್ನ ಸೆರಗಿಗಿಷ್ಟು ಬೆಂಕಿ ಹಾಕ!” ಎಂದು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಯಾರೂ ಹಾಳೆ ತಿರುವಲಿಲ್ಲ. ನಾನು ಅದನ್ನು “ಕರಿ ಸೀರೆಯವಳು ಬೇಗ ಹೋದಳು” ಎಂದು ಬದಲಿಸಿದೆ.

ಕೊನೆಯ ದೃಶ್ಯದಲ್ಲಿ ತಾಯಿ ಮಗಳನ್ನು ಕಳಿಸಿಕೊಡುವ ಮಾತಿತ್ತು: “ನಾ ಕೇಳ್ತೀನಂತ ‘ಉಂಡೀನಿ’ ಅಂತ ಸುಳ್ಳು ಹೇಳಬ್ಯಾಡ ನನ್ನ ಮಗಳ, ಹೊಟ್ಟಿ ತುಂಬ ಉಣ್ಣು.” ಅಕ್ಕ “ನನ್ನ” ಎಂದು ನಿಂತಳು. ಪೆನ್ಸಿಲ್ ಎತ್ತಿ ಅಲ್ಲೇ ಗೆರೆ ಎಳೆದಳು.

“ಅಲ್ಲಿ ಯಾಕ ಹಾಕಿದಿ? ‘ನನ್ನ ಮಗಳ’ ಅನ್ನೂದು ಒಡೀತೈತಿ,” ಎಂದೆ. ಸಿಟ್ಟಿನಿಂದಲೇ ಅಂದೆ, ಭಯವಾದರೆ ನನಗೆ ಬರುವುದು ಸಿಟ್ಟೇ.

“ಅಲ್ಲಿಗೇ ಮುಗೀತಲ್ಲ ಲೇ ಉಸುರು,” ಎಂದಳು ಮೆಲ್ಲಗೆ.

ಪಾರ್ವತಿನಗರದ ನನ್ನ ಮನೆಗೆ ಹೋಗಿ ಆ ಪಾತ್ರವನ್ನೆಲ್ಲ ಹೊಸದಾಗಿ ಬರೆದೆ. ಉದ್ದ ಸಾಲುಗಳನ್ನು ಕತ್ತರಿಸಿದೆ. ಮುಂದಿನ ಓದಿಗೆ ಅವಳ ಉಸಿರು ಇನ್ನೂ ಕಡಿಮೆಯಾಗಿತ್ತು, ಮತ್ತೆ ಕತ್ತರಿಸಿದೆ. ಕೊನೆಯ ಮಾತು ಹೀಗೆ ಉಳಿಯಿತು: “ಸುಳ್ಳು ಹೇಳಬ್ಯಾಡ. ನನ್ನ ಮಗಳ. ಉಣ್ಣು.” ಅಕ್ಕ ಅದನ್ನು ಓದಿ, “ಈಗ ನನ್ನ ಅಳತಿಗೆ ಬಂತು ನೋಡು,” ಎಂದಳು. ರೆಕಾರ್ಡಿಂಗಿಗೆ ದಿನ ಗೊತ್ತಾಯಿತು. ಆ ದಿನ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ.

ಬಹಳ ದಿನ ಆ ಹಾಳೆ ಮುಟ್ಟಲಿಲ್ಲ. ಆದರೆ ನಾಟಕ ಉಳಿದವರದೂ ಆಗಿತ್ತು. ತಾಯಿ ಪಾತ್ರಕ್ಕೆ ಕುರುಗೋಡಿನ ಶಾಲೆಯ ಟೀಚರ್ ಒಬ್ಬರು ಬಂದರು. ಒಳ್ಳೆಯ ತುಂಬು ದನಿ. ಮೇಜಿನ ಮುಂದೆ ಓದುತ್ತಾ ಓದುತ್ತಾ ತಡವರಿಸಿದರು. “ಮೇಡಂ, ತಪ್ಪು ತಿಳ್ಕಾಬ್ಯಾಡ್ರಿ. ಮಾತು ತುಂಡುತುಂಡಾಗಿ ಬರಾಕತ್ತೈತಿ. ಉಸಿರು ಉಳೀತೈತ್ರಿ ನನಗ. ಕೂಡಿಸಿ ಓದ್ಲೇನ್ರಿ?”

ಉಳಿದವರೆಲ್ಲ ತಲೆ ತಗ್ಗಿಸಿದರು. ಟೀಚರಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ. ನನಗೆ ಆಕೆಯ ಮೇಲೆ, ಆ ಉಳಿದ ಉಸಿರಿನ ಮೇಲೆ ಹೊಟ್ಟೆ ಉರಿಯಿತು. ಆದರೆ ಸಾಲು ಓದುವವರಿಗೆ ಒಗ್ಗಬೇಕು, ನಾನೇ ಹೇಳಿದ್ದು. ಪೆನ್ಸಿಲ್ ತೆಗೆದುಕೊಂಡು ಪೂರ್ಣವಿರಾಮಗಳನ್ನು ಹೊಡೆದುಹಾಕಿದೆ. ಬಿಟ್ಟ ಮಾತುಗಳನ್ನು ನೆನಪಿನಿಂದ ಮತ್ತೆ ಬರೆದೆ. ಅಕ್ಕನಿಗೆಂದು ಕತ್ತರಿಸಿದ್ದನ್ನೆಲ್ಲ ನನ್ನ ಕೈಯಿಂದಲೇ ಜೋಡಿಸಿದೆ.

ರೆಕಾರ್ಡಿಂಗ್ ದಿನ ಟೀಚರ್ ಮೈಕಿನ ಮುಂದೆ ನಿಂತರು, ನಾನು ಗಾಜಿನ ಈಚೆ ಹೆಡ್‌ಫೋನ್ ಹಾಕಿಕೊಂಡು ಹಾಳೆ ಹಿಡಿದು ತುಟಿಯಲ್ಲೇ ಜೊತೆಗೆ ಓದುತ್ತಿದ್ದೆ. ಕೊನೆಯ ಮಾತನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದರು. ಒಂದು ಅಕ್ಷರವೂ ತೊಡರಲಿಲ್ಲ. ನಾನು ಮಾತ್ರ “ನನ್ನ” ಎಂಬಲ್ಲಿಗೆ ನಿಂತುಬಿಟ್ಟೆ. ಮುಂದಿನ ಮಾತು ಬಾಯಿಗೆ ಬರಲೇ ಇಲ್ಲ.

ಟೀಚರ್ ಗಾಜಿನಾಚೆಯಿಂದ, ಸರಿ ಬಂತೇ ಎಂದು ನನ್ನನ್ನು ನೋಡುತ್ತಿದ್ದರು. ಸರಿ ಬಂದಿತ್ತು. ಹೌದೆಂದು ಕೈ ಎತ್ತಿ ತೋರಿಸಿದೆ.