ಬೀಳ್ಕೊಡುಗೆಯ ಕಾರ್ಡಿನಲ್ಲಿ ನಾನು ಬರೆದ ವಯಸ್ಸು

ಗದಗ ಹೊಸ ಜಿಲ್ಲೆಯಾದ ಮರುವರ್ಷ, ಮೇ 31ರ ಸಂಜೆ, ನಮ್ಮ ಪತ್ರಿಕಾ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದರು. ಅವರಿಗೆ ಕೊಟ್ಟ ಕಾರ್ಡಿನ ಒಕ್ಕಣೆ ನನ್ನದು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ವರದಿಗಾರರು ಫೋನಿನಲ್ಲಿ ಹೇಳುವ ಸುದ್ದಿಯನ್ನು ಬರೆದುಕೊಂಡು, ತಿದ್ದಿ ಪುಟಕ್ಕೆ ಕೊಡುವುದು ಅವರ ಕೆಲಸವಾಗಿತ್ತು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಊರು ಮುಳಗುಂದ; ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಿವೃತ್ತಿಯ ನಂತರ ಮುಳಗುಂದದಿಂದಲೇ ನಮಗೆ ಸುದ್ದಿ ಕಳಿಸುವ ಕೆಲಸ ಕೊಡಿ ಎಂದು ಮಾಲೀಕರನ್ನು ಕೇಳಿದ್ದರು. ಮಾಲೀಕರು ‘ನೋಡೋಣ್ರಿ, ಮೊದ್ಲ ಬೀಳ್ಕೊಡುಗಿ ಮುಗೀಲಿ’ ಎಂದಿದ್ದರು. ಇದು ನನಗೆ ಗೊತ್ತಿತ್ತು.

ನಿಧನ ವಾರ್ತೆಯ ಕಾಲಂ ನೋಡಿಕೊಳ್ಳುತ್ತಿದ್ದವನು ನಾನು. ಆ ದಿನದ ಕಾಲಂ ಮುಗಿಸಿ, ಅದೇ ಪೆನ್ನಿನಲ್ಲಿ ಕಾರ್ಡನ್ನೂ ಬರೆದೆ. ಅವರ ಹೆಸರು, ಮುಂದೆ ಆವರಣದೊಳಗೆ 58. ನಂತರ ಹೀಗೆ: ‘ಇವರು ಸುದೀರ್ಘ ಸೇವೆಯ ಬಳಿಕ ನಮ್ಮನ್ನು ಅಗಲುತ್ತಿದ್ದಾರೆ. ಸರಳ, ಸಜ್ಜನಿಕೆಯ ವ್ಯಕ್ತಿಯಾಗಿದ್ದರು. ಇವರ ಸ್ಥಾನ ತುಂಬಲಾರದ್ದು. ದಣಿದ ಜೀವಕ್ಕೆ ಇನ್ನಾದರೂ ವಿಶ್ರಾಂತಿ ಸಿಗಲಿ. ಇಳಿವಯಸ್ಸಿನ ದಿನಗಳು ಮೊಮ್ಮಕ್ಕಳ ನಡುವೆ ಆರೋಗ್ಯವಾಗಿ ಕಳೆಯಲಿ.’ ಕಾರ್ಡು ಮೇಜಿನಿಂದ ಮೇಜಿಗೆ ಹೋಯಿತು. ಪುಟವನ್ನು ಮುದ್ರಣಕ್ಕೆ ಬಿಡುವ ಗಡಿಬಿಡಿಯಲ್ಲಿ ಓದದೆ ಎಲ್ಲರೂ ಸಹಿ ಹಾಕಿದರು.

ಶಾಲು, ಹಾರ ಆದ ಮೇಲೆ ಮಾಲೀಕರು ಕಾರ್ಡನ್ನು ಗಟ್ಟಿಯಾಗಿ ಓದಿದರು. ಹಿಂದೆ ನಿಂತಿದ್ದ ಪುಟವಿನ್ಯಾಸದವನು ‘ಇನ್ನ ಫೋಟೋಕ್ಕ ಹಾರ ಹಾಕೂದೊಂದ ಬಾಕಿ ಉಳೀತು ನೋಡ್ರಿ’ ಎಂದ. ಅಕ್ಕಾರು ನನ್ನ ಕಡೆ ತಿರುಗಿದರು.

‘ಅಂತ್ಯಕ್ರಿಯೆ ಎಷ್ಟೊತ್ತಿಗಂತ ಬರದೇ ಇಲ್ಲಲ್ಲ ತಮ್ಮಾ. ಸುದ್ದಿ ಅರ್ಧಾ ಆತು.’

ಎಲ್ಲರೂ ನಕ್ಕರು, ಅವರೂ ನಕ್ಕರು. ಮಾಲೀಕರು ಮಾತ್ರ ಕಾರ್ಡನ್ನು ಮಡಚುತ್ತ, ‘ಬರದದ್ದು ಖರೆ ಐತಿ. ಅಕ್ಕಾರು ಭಾಳ ದುಡದಾರ, ಇನ್ನ ಆರಾಮ ಇರ್ಲಿ. ಮುಳಗುಂದಕ್ಕ ಯಾರರ ಹರೇದವರನ್ನ ನೋಡೋಣು’ ಎಂದರು. ಅಕ್ಕಾರ ನಗು ನಿಂತಿತು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಮಿರ್ಚಿ ಭಜಿಯ ತಟ್ಟೆ ಹಿಡಿದು ಹಂಚುತ್ತ ಹೋದೆ.

ಮರುದಿನ ಮಾಲೀಕರ ಕೋಣೆಗೆ ಹೋಗಿ, ಆ ಮಾತು ನನ್ನದು, ಅಕ್ಕಾರಿಗೆ ವಿಶ್ರಾಂತಿ ಬೇಕಿಲ್ಲ ಎಂದೆ.

‘ಎಲ್ಲಾರೂ ಸಹಿ ಮಾಡೀರಲ್ಲೋ’ ಎಂದರು ಅವರು.

ಇನ್ನೊಂದು ಕಾರ್ಡು ತಂದೆ. ಈ ಸಲ ಬರೆಯುವ ಮೊದಲು ಪ್ರತಿಯೊಬ್ಬರ ಮೇಜಿಗೆ ಹೋಗಿ, ಅಕ್ಕಾರ ಬಗ್ಗೆ ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಹೇಳಿ ಎಂದು ಕೇಳಿದೆ. ವಯಸ್ಸು, ಸುದೀರ್ಘ ಸೇವೆ, ಆರೋಗ್ಯ, ವಿಶ್ರಾಂತಿ ಎಲ್ಲ ತೆಗೆದೆ. ಮೊಮ್ಮಕ್ಕಳನ್ನೂ ತೆಗೆದೆ, ಅವರು ಎಂದೂ ಕಚೇರಿಯಲ್ಲಿ ಆ ಮಾತು ಎತ್ತಿದವರಲ್ಲ. ‘ಇವರು’ ಎಂಬುದನ್ನು ಬಿಟ್ಟು ನೇರವಾಗಿ ‘ನೀವು’ ಎಂದು ಬರೆದೆ:

‘ಅಕ್ಕಾರ, ಮುಂಡರಗಿಯ ಲೈನಿನಲ್ಲಿ ಗರಗರ ಬಿಟ್ಟು ಏನೂ ಕೇಳದ ದಿನ ಕೊರ್ಲಹಳ್ಳಿಯ ಹೊಳೆ ಉಕ್ಕಿದ ಸುದ್ದಿಯನ್ನು ಪೂರ್ತಿ ಬರೆದುಕೊಂಡವರು ನೀವು. ಊರಿನ ಹೆಸರು ಖಾತ್ರಿಯಾಗದೆ ಪುಟ ಬಿಡಬಾರದೆಂಬ ನಿಮ್ಮ ಹಟ ಈಗ ನಮ್ಮೆಲ್ಲರ ಹಟ. ನಿಮ್ಮ ಮೇಜಿನ ಕಡೆಯಿಂದ ನಗು ಕೇಳದೆ ಸಂಜೆ ಸಪ್ಪಗಾಗಿದೆ. ಮುಳಗುಂದದಿಂದ ನೀವು ಹೇಳುವ ಸುದ್ದಿಯನ್ನು ಬರೆದುಕೊಳ್ಳಲು ಕಾಯುತ್ತಿದ್ದೇವೆ.’

ಈ ಸಲ ಎಲ್ಲರೂ ಓದಿ ಸಹಿ ಹಾಕಿದರು. ಭಾನುವಾರ ಅದನ್ನು ಹಿಡಿದು ಮುಳಗುಂದಕ್ಕೆ ಹೋದೆ. ಅಕ್ಕಾರು ಬಾಗಿಲಲ್ಲೇ ನಿಂತು ಓದಿದರು.

‘ಛಲೋ ಬರದೀರಿ’ ಎಂದರು. ಮೊದಲೆಲ್ಲ ನನಗೆ ‘ನೀ’ ಎನ್ನುತ್ತಿದ್ದರು. ‘ಆದ್ರ ಕಡೀ ಸಾಲು ತಗೀರಿ. ಅದು ಖರೆ ಅಲ್ಲ.’

‘ಮಾಲೀಕರಿಗೆ ಇನ್ನೊಮ್ಮೆ ಹೇಳ್ತೀನಿ ಅಕ್ಕಾರ.’

‘ಹೇಳ್ರಿ. ಆಗೂತನಕ ಅದನ್ನ ಕಾರ್ಡಿನ್ಯಾಗ ಇಡಬ್ಯಾಡ್ರಿ.’

ಅವರೇ ಪೆನ್ನು ಕೊಟ್ಟರು. ಅವರ ಎದುರಿಗೇ ಆ ಸಾಲಿನ ಮೇಲೆ ಗೆರೆ ಎಳೆದೆ. ಚಹಾ ಕೊಟ್ಟರು. ಕಚೇರಿಯ ಮಾತು ಎತ್ತಲಿಲ್ಲ.

ಮಾಲೀಕರಿಗೆ ಇನ್ನೊಮ್ಮೆ ಹೇಳಿದೆ. ಆ ಮಳೆಗಾಲ ಮುಗಿಯುವ ಮೊದಲು ಅವರು ಮುಳಗುಂದಕ್ಕೆ ಬೇರೊಬ್ಬರನ್ನು ನೇಮಿಸಿದರು. ಅಕ್ಕಾರು ಇನ್ನೊಂದು ಪತ್ರಿಕೆಗೆ ಅಲ್ಲಿಂದಲೇ ಸುದ್ದಿ ಕಳಿಸತೊಡಗಿದರು.